ಟಿಕ್ ಬಿತ್ತು, ಕೇಸ್ ಮುಗೀತು

ಮುಂಬೈಯ ಹೌಸಿಂಗ್ ಸೊಸೈಟಿಗಳಲ್ಲಿ ಈಗ ಆಣೆ, ಪ್ರಮಾಣ, ಸಾಕ್ಷಿ ಯಾವುದೂ ಬೇಕಿಲ್ಲ. ಮೊಬೈಲ್ ಎತ್ತಿ ಎರಡು ನೀಲಿ ಟಿಕ್ ತೋರಿಸಿದರೆ ಸಾಕು, ಎದುರಿನವರು ತಪ್ಪಿತಸ್ಥರು.

ಮುಲುಂಡಿನ ನಮ್ಮ ಬಿಲ್ಡಿಂಗನ್ನೇ ನೋಡಿ. ಜನರಲ್ ಬಾಡಿ ಮೀಟಿಂಗಿಗೆ 14 ದಿನ ಮೊದಲೇ ನೋಟಿಸ್ ಕೊಡಬೇಕು ಅಂತ ಸೊಸೈಟಿಯ ಬೈಲಾ ಹೇಳುತ್ತದೆ. ನಮ್ಮ ಸೆಕ್ರೆಟರಿ ಶೆಟ್ರು ಅದನ್ನು ಪಿಡಿಎಫ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿ ಕೈ ತೊಳೆದುಕೊಂಡರು. ಮೀಟಿಂಗ್ ಆಯಿತು, ಎರಡನೇ ಕಾರಿನ ಪಾರ್ಕಿಂಗ್ ಚಾರ್ಜ್ ಏರಿತು. ಊರಿಂದ ವಾಪಸ್ ಬಂದ ನಾಲ್ಕನೇ ಮಹಡಿಯ ಭಟ್ರು ಬಿಲ್ ನೋಡಿ ಕೆಳಗಿಳಿದು ಬಂದರು.

"ನನಗೆ ನೋಟಿಸೇ ಬಂದಿಲ್ಲ ಮಾರಾಯ್ರೇ."

"ಬಂದಿಲ್ವಾ? ಇಲ್ಲಿ ನೋಡಿ." ಶೆಟ್ರು ತಮ್ಮ ಮೆಸೇಜನ್ನು ಒತ್ತಿ ಹಿಡಿದು ಇನ್ಫೋ ತೆಗೆದರು. ಓದಿದವರ ಪಟ್ಟಿಯಲ್ಲಿ ಭಟ್ರ ಹೆಸರು, ಪಕ್ಕದಲ್ಲಿ ರಾತ್ರಿ 8:52.

ಆ ರಾತ್ರಿ 8:52ಕ್ಕೆ ಭಟ್ರು ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಕೊಂಕಣದ ಸುರಂಗಗಳನ್ನು ದಾಟುತ್ತಿದ್ದರು. ಫೋನಿನ ಬ್ಯಾಟರಿ ಪನ್ವೇಲ್ ಬಿಡುವಾಗಲೇ ಸತ್ತಿತ್ತು. ಹಾಗಾದರೆ ಓದಿದ್ದು ಯಾರು? ಮನೆಯಲ್ಲಿದ್ದ ಟ್ಯಾಬ್. ಅದಕ್ಕೂ ಅದೇ ವಾಟ್ಸಾಪ್ ಜೋಡಿಸಿದ್ದಾರೆ. ಫೋನ್ ಆಫ್ ಆಗಿದ್ದರೂ ಜೋಡಿಸಿದ ಯಂತ್ರಕ್ಕೆ ಮೆಸೇಜ್ ಬರುತ್ತದೆ, ಎರಡು ಟಿಕ್ ಬೀಳುತ್ತದೆ. ಗಣೇಶೋತ್ಸವದ ಡಾನ್ಸ್ ವಿಡಿಯೋ ಹುಡುಕಲು ಮೊಮ್ಮಗ ಗ್ರೂಪ್ ತೆರೆದ. ನೋಟಿಸ್ ಪರದೆ ಮೇಲೆ ಹಾದು ಹೋಯಿತು, ಭಟ್ರು ಓದಿದಂತಾಯಿತು. ಯಾರ ಕಣ್ಣು ಅಂತ ಟಿಕ್ ಕೇಳುವುದಿಲ್ಲ.

ಇನ್ನೊಂದು ತಮಾಷೆ. ಆ ಮೊಮ್ಮಗ ಪಿಡಿಎಫ್ ಒತ್ತಲೇ ಇಲ್ಲ. ಒತ್ತಬೇಕೂ ಇಲ್ಲ. ಚಾಟ್ ತೆರೆದು ಮೆಸೇಜ್ ಕಂಡರೆ ಟಿಕ್ ನೀಲಿ. ಒಳಗಿನ ಫೈಲ್ ಬಿಚ್ಚಿದರೋ ಇಲ್ಲವೋ ಅನ್ನುವುದು ಅದರ ಲೆಕ್ಕಕ್ಕೇ ಬರುವುದಿಲ್ಲ. ಮುಚ್ಚಿದ ಲಕೋಟೆ ಮೇಜಿನ ಮೇಲೆ ಕಂಡಿತು ಅಂದರೆ ಕಾಗದ ಓದಿದ ಹಾಗಾಯಿತಾ? ನಮ್ಮ ಸೊಸೈಟಿಯಲ್ಲಿ ಆಯಿತು.

ಶೆಟ್ರು ಸುಮ್ನೆ ಬಿಡುವವರಲ್ಲ. "ಹೈಕೋರ್ಟೇ ಒಪ್ಪಿದೆ" ಅಂದರು. ಒಪ್ಪಿದ್ದು ಹೌದು. 2018ರಲ್ಲಿ ಬಾಂಬೆ ಹೈಕೋರ್ಟ್, ವಾಟ್ಸಾಪಿನಲ್ಲಿ ಪಿಡಿಎಫ್ ಆಗಿ ಹೋದ ನೋಟಿಸನ್ನು ಟಿಕ್ ಗುರುತು ನೋಡಿ, ತಲುಪಿದೆ, ತೆರೆದಿದ್ದಾರೆ ಅಂತ ಮಾನ್ಯ ಮಾಡಿತು. ಆದರೆ ಅಲ್ಲಿದ್ದದ್ದು ನೋಟಿಸ್ ತಪ್ಪಿಸಿಕೊಂಡು ಓಡಾಡುತ್ತಿದ್ದ ಸಾಲಗಾರ, ಒಬ್ಬರಿಂದ ಒಬ್ಬರಿಗೆ ಹೋದ ಮೆಸೇಜು. ಇಲ್ಲಿರುವುದು ರೈಲಿನಲ್ಲಿ ಮಲಗಿದ್ದ ಭಟ್ರು, ಹಪ್ಪಳದ ಜಾಹೀರಾತಿನ ನಡುವೆ ಸಿಕ್ಕಿಬಿದ್ದ ನೋಟಿಸು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಹಾಜರಾಗಿ ಎಂದು ಆರೋಪಿಗೆ ಕೊಡುವ ನೋಟಿಸನ್ನು ಪೊಲೀಸರು ವಾಟ್ಸಾಪಿನಲ್ಲಿ ಕಳಿಸುವಂತಿಲ್ಲ ಅಂತ ಹೇಳಿದೆ. ಅದನ್ನು ಶೆಟ್ರಿಗೆ ಫಾರ್ವರ್ಡ್ ಮಾಡಿದೆವು. ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ.

ಇತ್ತ ನೆಲಮಹಡಿಯ ಹೋಟೆಲ್ ಮಾಲೀಕರದ್ದು ಉಲ್ಟಾ ಕೇಸು. ಅವರು ಪ್ರತಿಯೊಂದು ಮೆಸೇಜನ್ನೂ ಫೋನಿನ ಮೇಲ್ತುದಿಯಿಂದ ಎಳೆದು ನೋಟಿಫಿಕೇಶನ್ನಿನಲ್ಲೇ ಓದಿ ಮುಗಿಸುತ್ತಾರೆ. ಚಾಟ್ ತೆರೆಯುವುದೇ ಇಲ್ಲ, ಟಿಕ್ ಬೂದು ಬಣ್ಣದಲ್ಲೇ ಇರುತ್ತದೆ. ಟ್ಯಾಂಕ್ ತೊಳೆಯುವ ದಿನ ಯಾವುದು ಅಂತ ಇಡೀ ಬಿಲ್ಡಿಂಗಿಗೆ ಹೇಳಿದವರೇ ಅವರು. ದಾಖಲೆ ಪ್ರಕಾರ ಅವರಿಗೆ ಏನೂ ಗೊತ್ತಿಲ್ಲ.

ಇನ್ನು ಗ್ರೂಪಿನ ಟಿಕ್ಕಂತೂ ಕೂಡು ಕುಟುಂಬದ ಪದ್ಧತಿ. ಎಲ್ಲರಿಗೂ ತಲುಪಿದರೆ ಮಾತ್ರ ಎರಡನೇ ಟಿಕ್, ಎಲ್ಲರೂ ನೋಡಿದರೆ ಮಾತ್ರ ನೀಲಿ. ಎರಡನೇ ಮಹಡಿಯ ಅಜ್ಜ ಕೀಪ್ಯಾಡ್ ಫೋನಿಗೆ ಮರಳಿ ಕಾರ್ಕಳ ಸೇರಿಕೊಂಡಿದ್ದಾರೆ, ನಂಬರ್ ಮಾತ್ರ ಗ್ರೂಪಿನಲ್ಲೇ ಇದೆ. ಹಾಗಾಗಿ ನಮ್ಮ ಗ್ರೂಪಿನ ಎಲ್ಲ ಮೆಸೇಜೂ ಒಂಟಿ ಟಿಕ್ಕಿನಲ್ಲೇ ನಿಂತಿವೆ. ಹಿಂದಿನ ಸೆಕ್ರೆಟರಿ ಇದನ್ನು ನೋಡಿ, ಎಲ್ಲರೂ ಸೇರಿ ನನ್ನನ್ನು ಬ್ಲಾಕ್ ಮಾಡಿದ್ದಾರೆ ಅಂದುಕೊಂಡು ರಾಜೀನಾಮೆ ಬರೆದಿದ್ದರು.

ಭಟ್ರು ಬೈಲಾ ಪುಸ್ತಕ ಹಿಡಿದು ಕೂತ ಮೇಲೆ ಕಮಿಟಿ ಸೇರಿತು. ಕಾಗದದಲ್ಲಿ ನೋಟಿಸ್ ಕೊಟ್ಟು ಸಹಿ ತಗೊಳ್ಳೋಣ ಅಂತ ಯಾರೋ ಅಂದರು. ಅದು ಹಳೇ ಕಾಲದ್ದು ಅಂತ ತಳ್ಳಿ ಹಾಕಿದರು. ಕೊನೆಗೆ ಆದ ತೀರ್ಮಾನ: ಇನ್ನು ಮುಂದೆ ನೋಟಿಸ್ ವಾಯ್ಸ್ ಮೆಸೇಜಿನಲ್ಲಿ. ಕೇಳಿದವರ ಲೆಕ್ಕ ಇನ್ಫೋದಲ್ಲಿ ಬೇರೆಯೇ ಬರುತ್ತದೆ, ಪ್ರೈವೆಸಿ ಸೆಟ್ಟಿಂಗಿನಲ್ಲಿ ಅದನ್ನು ಆಫ್ ಮಾಡಲೂ ಆಗುವುದಿಲ್ಲ. ಇನ್ನು ಯಾರೂ ತಪ್ಪಿಸಿಕೊಳ್ಳುವ ಹಾಗಿಲ್ಲ, ಅಲ್ವಾ?

ಶೆಟ್ರು ಏಳು ನಿಮಿಷ ಮಾತಾಡಿ ಕಳಿಸಿದರು. ಕೇಳಿದವರ ಪಟ್ಟಿಯಲ್ಲಿ ಮೊದಲು ಬಂದದ್ದು ಮೂರನೇ ಮಹಡಿಯ ಅಕ್ಕನ ಹೆಸರು. ಹಿಂದೆಯೇ ಅವರ ಮೆಸೇಜು: "ಶೆಟ್ರೇ, ಮಿಕ್ಸಿ ಹಾಕಿದ್ದೆ, ಏನೂ ಕೇಳ್ಲಿಲ್ಲ. ವಿಷಯ ಏನು ಅಂತ ಟೈಪ್ ಮಾಡಿ ಹಾಕಿ."