ತುರ್ಕುವಿನ ದಾರಿಯ ರಂಗೋಲಿ

ಕಳೆದ ವರ್ಷ ಫಿನ್‌ಲ್ಯಾಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ತುರ್ಕು ನಗರದ ಹೊರಗಿನ ರಸ್ತೆಯಲ್ಲಿ ಕಂದು ಬಣ್ಣದ ಒಂದು ಫಲಕ ಕಣ್ಣಿಗೆ ಬಿತ್ತು. ಅದರ ಮೇಲೆ ಬಿಳಿ ಗೆರೆಯಲ್ಲಿ ಒಂದು ಚೌಕ, ಚೌಕದ ನಾಲ್ಕು ಮೂಲೆಗಳಲ್ಲಿಯೂ ಹೊರಕ್ಕೆ ಚಾಚಿದ ಒಂದೊಂದು ಕುಣಿಕೆ: ⌘. ಮುಂದೆ ದೊಡ್ಡ ಮೇಲ್ಸೇತುವೆಗಳು ಸುತ್ತಿ ಸುತ್ತಿ ಹೋಗುವ ಕೂಡುರಸ್ತೆ ಇರಬೇಕೆಂದು ಊಹಿಸಿ ಚಿತ್ರ ತೆಗೆದುಕೊಂಡೆ. ಎರಡು ಮೈಲಿ ಸಾಗಿದರೂ ಅಂಥ ಸೇತುವೆ ಸಿಗಲಿಲ್ಲ. ಸಿಕ್ಕಿದ್ದು ಹಳೆಯದೊಂದು ಕಲ್ಲಿನ ಚರ್ಚು.

ನಾನು ಆಕಾರವನ್ನು ನೋಡಿದೆನೇ ಹೊರತು ಬಣ್ಣವನ್ನು ನೋಡಲಿಲ್ಲ. ಆ ದೇಶದಲ್ಲಿ ಎಚ್ಚರಿಕೆ ಕೊಡುವ ಫಲಕ ಕೆಂಪು ಅಂಚಿನ, ಹಳದಿ ಒಡಲಿನ ತ್ರಿಕೋನವಾಗಿರುತ್ತದೆ. ಕಂದು ಬಣ್ಣವಿದ್ದರೆ ಅದು ಪ್ರವಾಸಿಗರಿಗೆ ಹೇಳಿದ ಮಾತು. 'ಇಲ್ಲಿ ನೋಡತಕ್ಕದ್ದೊಂದು ಇದೆ' ಎನ್ನುವುದಷ್ಟೇ ಈ ಗುರುತಿನ ಕೆಲಸ. ನೋಡತಕ್ಕದ್ದು ಕೋಟೆಯೋ ಚರ್ಚೋ ಎಂಬುದನ್ನು ಅದು ಹೇಳುವುದಿಲ್ಲವಾದ್ದರಿಂದ, ಪಕ್ಕದ ಹೆಸರನ್ನು ಓದಲು ಬಾರದವನು ಇಳಿದೇ ನೋಡಬೇಕು.

ಹಾಸನಕ್ಕೆ ಮರಳಿದ ಮೇಲೆ ಚಿತ್ರವನ್ನು ಕಂಡ ಅಣ್ಣನ ಮಗ, "ಚಿಕ್ಕಪ್ಪ, ಇದು ಮ್ಯಾಕ್ ಕಂಪ್ಯೂಟರಿನ ಕಮಾಂಡ್ ಕೀ ಅಲ್ಲವೇ?" ಎಂದು ನಕ್ಕ. ಅವನ ಮಾತೂ ಸುಳ್ಳಲ್ಲ. ಮೊದಲ ಮ್ಯಾಕಿಂಟಾಷ್ ತಯಾರಾಗುತ್ತಿದ್ದಾಗ ಮೆನುವಿನ ಸಾಲುಸಾಲಿನಲ್ಲೂ ಕಂಪನಿಯ ಸೇಬಿನ ಗುರುತೇ ತುಂಬಿರುವುದನ್ನು ಕಂಡು ಸ್ಟೀವ್ ಜಾಬ್ಸ್ ಒಪ್ಪಲಿಲ್ಲವಂತೆ. ಚಿತ್ರಗಳನ್ನು ರೂಪಿಸುತ್ತಿದ್ದ ಸೂಸನ್ ಕೇರ್ ಚಿಹ್ನೆಗಳ ನಿಘಂಟೊಂದನ್ನು ತಿರುವಿಹಾಕಿ, ಸ್ವೀಡನ್ನಿನಲ್ಲಿ ಪ್ರೇಕ್ಷಣೀಯ ಸ್ಥಳವನ್ನು ತೋರಿಸುವ ಇದೇ ಗುರುತನ್ನು ಆರಿಸಿಕೊಂಡರು. 1984ರಲ್ಲಿ ಆ ಯಂತ್ರ ಮಾರುಕಟ್ಟೆಗೆ ಬಂದಾಗ ರಸ್ತೆಬದಿಯ ಗುರುತು ಕೀಲಿಯ ಮೇಲೆ ಕುಳಿತಿತ್ತು.

ಗುರುತು ಮಾತ್ರ ರಸ್ತೆಗಿಂತಲೂ ಬಹಳ ಹಳೆಯದು. ಫಿನ್ನಿಷ್ ಜನ ಇದನ್ನು ಹನ್ನುನ್‌ವಾಕುನ, ಅಂದರೆ ಹನ್ನುವಿನ ಲಾಂಛನ, ಎನ್ನುತ್ತಾರೆ. ಹನ್ನು ಎಂದರೆ ಅವರ ಬಾಯಲ್ಲಿ ಯೋಹಾನ. ಹಿಂದಿನವರು ಕೆಟ್ಟದ್ದು ಒಳಗೆ ಬಾರದಿರಲೆಂದು ಇದನ್ನು ಮನೆ, ಕಣಜ, ಮರದ ಸಾಮಾನುಗಳ ಮೇಲೆ ಕೊರೆಯುತ್ತಿದ್ದರು. ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದಲ್ಲಿ ಸಿಕ್ಕಿದ, ಸುಮಾರು ಒಂದೂವರೆ ಸಾವಿರ ವರ್ಷ ಹಿಂದಿನ ಚಿತ್ರಶಿಲೆಯೊಂದರ ಮೇಲೆಯೂ ಇದೇ ಕುಣಿಕೆಯ ಚೌಕವಿದೆ.

ಇಷ್ಟನ್ನೂ ನಾನು ತಿರುಪತಿಗೆ ಹೋಗಿಬಂದವನಂತೆ ಸಡಗರದಿಂದ ವಿವರಿಸುತ್ತಿದ್ದರೆ, ಅಮ್ಮ ಕನ್ನಡಕ ಸರಿಪಡಿಸಿಕೊಂಡು ಫೋನಿನ ಗಾಜಿನ ಮೇಲೆ ಬೆರಳಿಟ್ಟು ಒಂದು ಕುಣಿಕೆಯಿಂದ ಹೊರಟರು. ಬೆರಳು ಚೌಕದ ಅಂಚಿಗಿಳಿದು, ಮುಂದಿನ ಮೂಲೆಯನ್ನು ದಾಟಿ, ಕುಣಿಕೆ ಸುತ್ತಿ, ತನ್ನದೇ ಗೆರೆಯನ್ನು ಅಡ್ಡಹಾಯ್ದು ಮುಂದಕ್ಕೆ ಹೋಯಿತು. ನಾಲ್ಕು ಸಲ ಹೀಗೆ ಮಾಡಿ, ಎಲ್ಲಿಯೂ ಎತ್ತದೆ, ಹೊರಟಲ್ಲಿಗೇ ಬಂದು ನಿಂತಿತು. "ಇದು ಎಳೆ ರಂಗೋಲಿ ಕಣೋ. ಚುಕ್ಕಿಗಳನ್ನು ಒರೆಸಿಬಿಟ್ಟಿದ್ದಾರೆ, ಅಷ್ಟೆ," ಎಂದರು.

ಮರುದಿನ ಬೆಳಿಗ್ಗೆ ನೀರು ಚಿಮುಕಿಸಿದ ಹೊಸ್ತಿಲ ಮುಂದೆ ಅದು ಮೂಡಿತ್ತು. ಪ್ರತಿ ಕುಣಿಕೆಯೊಳಗೂ ಒಂದೊಂದು ಚುಕ್ಕಿ, ಚೌಕದ ನಡುವೆ ಐದನೆಯದು. ನಡುವಿನ ಮನೆಯನ್ನು ಅವರು ಬರಿದಾಗಿ ಹೇಗೆ ಬಿಟ್ಟರೋ ಎಂಬುದೊಂದೇ ಅಮ್ಮನ ಆಕ್ಷೇಪ.