ಪುಟಪುಟ, ಪಟಪಟ ಮತ್ತು ನಮ್ಮ ಕವಿಗೋಷ್ಠಿಗಳು

ನಿನ್ನೆ ಒಂದು ಕವಿಗೋಷ್ಠಿಗೆ ಹೋಗಿದ್ದೆ. ಒಬ್ಬರು ಓದಿದ ಪದ್ಯದಲ್ಲಿ ಎಲ್ಲ ಪದವೂ ಕಕಾರದಿಂದಲೇ ಶುರು. ಅವರ ಸಾಲನ್ನು ಇಲ್ಲಿ ಹಾಕುವುದಿಲ್ಲ, ಅದು ಸರಿಯಲ್ಲ. ಧಾಟಿ ಮಾತ್ರ ಹೀಗಿತ್ತು ಅಂದುಕೊಳ್ಳಿ: ಕನ್ನಡ, ಕಸ್ತೂರಿ, ಕಂಪು, ಕಲರವ, ಕನಸು, ಕಾವ್ಯ, ಕಣಕಣ. ಓದಿ ಮುಗಿಸಿದ ಕೂಡಲೇ ಚಪ್ಪಾಳೆ. ನಿರೂಪಕರು ಮೈಕ್ ಹಿಡಿದು "ಎಂಥಾ ನಾದಮಯ ಕವಿತೆ" ಅಂದರು. ನನಗೆ ಆಗಿನಿಂದ ಸಮಾಧಾನವೇ ಇಲ್ಲ. ಬರೆದವರ ಮೇಲೆ ಸಿಟ್ಟಿಲ್ಲ, ಅವರು ಕಷ್ಟಪಟ್ಟು ಪದ ಹುಡುಕಿದ್ದಾರೆ. ಸಿಟ್ಟು ಆ ಹೊಗಳಿಕೆಯ ಮೇಲೆ. ಒಂದೇ ಅಕ್ಷರ ಎಷ್ಟು ಸಲ ಬಂತು ಅಂತ ಎಣಿಸಿ ಅದನ್ನೇ ನಾದ ಅಂದುಬಿಟ್ಟರೆ, ನಾದದಿಂದ ನಿಜವಾಗಿ ಕೆಲಸ ಮಾಡಿಸಿದ ಕವಿಗಳನ್ನು ನಾವು ಓದಿದ್ದು ಯಾಕೆ?

ಈ ಎಣಿಕೆಯ ಅಭ್ಯಾಸ ಶಾಲೆಯಿಂದಲೇ ಬಂದಿದೆ. ಅಲಂಕಾರ ಹೆಸರಿಸಿ ಅಂತ ಪ್ರಶ್ನೆ, ವೃತ್ತ್ಯನುಪ್ರಾಸ ಅಂತ ಉತ್ತರ, ಅಂಕ ಸಿಕ್ಕಿತು, ಮುಗೀತು. ಆ ಅಕ್ಷರ ಮತ್ತೆ ಮತ್ತೆ ಬಂದು ಪದ್ಯಕ್ಕೆ ಏನು ಮಾಡಿತು ಅಂತ ಯಾರೂ ಕೇಳುವುದಿಲ್ಲ. ಸ್ವರಗಳ ಕಡೆಗಂತೂ ಯಾರ ಕಿವಿಯೂ ಹೋಗುವುದಿಲ್ಲ. ಅದಕ್ಕೂ ಕಾರಣ ಇದೆ. ಅನುಪ್ರಾಸ ಅಂದಾಗ ನಮ್ಮ ಅಲಂಕಾರಶಾಸ್ತ್ರ ವ್ಯಂಜನವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿತು. ಸ್ವರ ಬೇರೆ ಬೇರೆ ಆದರೂ ವ್ಯಂಜನ ಒಂದೇ ಇದ್ದರೆ ಸಾಕು ಅಂದಿತು. ಹಾಗಾಗಿ ಪದ್ಯದ ಅರ್ಧ ನಾದ ನಮ್ಮ ಲೆಕ್ಕಕ್ಕೇ ಸಿಗದೆ ಉಳಿದುಹೋಯಿತು.

ಬೇಂದ್ರೆಯವರ 'ಬೆಳಗು' ತೆಗೆದುಕೊಳ್ಳಿ. 1932ರ 'ಗರಿ' ಸಂಕಲನದ ಪದ್ಯ. ಹೆಚ್ಚಿನವರಿಗೆ 1967ರ 'ಬೆಳ್ಳಿಮೋಡ' ಸಿನಿಮಾದ ಹಾಡಾಗಿ ಗೊತ್ತು. ಮೊದಲ ಸಾಲು:

ಮೂಡಲ ಮನೆಯಾ ಮುತ್ತಿನ ನೀರಿನ ಎರಕಾವ ಹೊಯ್ದಾ

ಮೊದಲ ನಾಲ್ಕು ಪದ ಮಾತ್ರ ನೋಡಿ. ಹನ್ನೆರಡು ಅಕ್ಷರ. ಅದರಲ್ಲಿ ಏಳು ಮಕಾರ, ನಕಾರ. ಮೂರು ಲ, ಯ, ರ. ಉಳಿದದ್ದು ಒಂದು ಡ, ಒಂದು ತ್ತ, ಅಷ್ಟೇ. ಈಗ ಬಾಯಲ್ಲಿ ಅಂದು ನೋಡಿ. ಮ್ ಅನ್ನುವುದನ್ನು ಉಸಿರು ಇರುವಷ್ಟು ಹೊತ್ತು ಎಳೆಯಬಹುದು. ನ್, ಲ್, ರ್ ಕೂಡ ಹಾಗೇ. ಪ್, ಟ್, ಕ್ ಎಳೆಯಲು ಆಗುವುದಿಲ್ಲ, ಅಲ್ಲಿ ಉಸಿರು ತಡೆದು ನಿಲ್ಲುತ್ತದೆ. ಅಂದರೆ ಆ ನಾಲ್ಕು ಪದದಲ್ಲಿ ಉಸಿರಿಗೆ ತಡೆ ಸಿಗುವುದು ಎರಡೇ ಕಡೆ. ಮಿಕ್ಕಂತೆ ಎಲ್ಲ ಹರಿಯುತ್ತಲೇ ಇದೆ. ಪದ್ಯ ಹೇಳುತ್ತಿರುವುದೂ ಬೆಳಕು ನೀರಾಗಿ ಹರಿಯುವುದನ್ನೇ.

ಪದಗಳ ತಲೆಯಲ್ಲಿ ಮೂರು ಸಲ ಮ: ಮೂಡಲ, ಮನೆಯಾ, ಮುತ್ತಿನ. ನಾಲ್ಕನೆಯದೂ ಮಕಾರವೇ ಆಗಿದ್ದರೆ ನಿನ್ನೆ ಕೇಳಿದ ಪದ್ಯದ ದಾರಿ ಆಗುತ್ತಿತ್ತು. ಬೇಂದ್ರೆ ಅಲ್ಲಿ ಬಿಡುತ್ತಾರೆ. ಮುತ್ತಿನ ಅನ್ನುವ ಪದದ ಕೊನೆಯ ನಕಾರವನ್ನು ಹಿಡಿದು ನೀರಿನ ಅನ್ನುವುದಕ್ಕೆ ದಾಟುತ್ತಾರೆ. ಸ್ವರವೂ ಜೊತೆಗೇ ಬದಲಾಗುತ್ತದೆ. ಮೂ, ಮು ಅಂತ ತುಟಿ ದುಂಡಗೆ ಮಾಡಿಕೊಂಡಿದ್ದ ಬಾಯಿ "ತ್ತಿನ ನೀರಿನ" ಅನ್ನುವಾಗ ಅಗಲವಾಗುತ್ತದೆ. ಇಕಾರ ಮೂರು ಸಲ ಬರುತ್ತದೆ, ನಡುವಿನದು ದೀರ್ಘ. ಕತ್ತಲ ದನಿಯಿಂದ ಬೆಳಕಿನ ದನಿಗೆ ಸಾಲು ಹೊರಳಿದ ಹಾಗೆ ನನಗೆ ಪ್ರತಿ ಸಲ ಕೇಳಿಸುತ್ತದೆ.

ಇದೆಲ್ಲ ಅರ್ಥದಿಂದ ಬಂದದ್ದು, ದನಿಯಿಂದಲ್ಲ ಅನ್ನುವವರು ಇದ್ದಾರೆ. ಬೆಳಗಿನ ಮಾತು ಬಂದ ಮೇಲೆ ಮೃದುವಾಗಿ ಕೇಳದೆ ಇನ್ನೇನು ಅನ್ನುತ್ತಾರೆ. ಸರಿ, ಪರೀಕ್ಷೆ ಮಾಡೋಣ. ಹೆಚ್ಚುಕಡಿಮೆ ಅದೇ ಅರ್ಥದ ಒಂದು ಸಾಲನ್ನು ನಾನು ಕಟ್ಟುತ್ತೇನೆ, ಅಷ್ಟೇ ಅಕ್ಷರ, ಅಷ್ಟೇ ಮಾತ್ರೆ, ನಾಲ್ಕು ನಾಲ್ಕರ ನಾಲ್ಕು ಗಣ:

ಪೂರ್ವದ ದಿಕ್ಕಿಗೆ ಬೆಳ್ಳಿಯ ಪಾಕದ

ಮುತ್ತು ಬೆಳ್ಳಿಯಾಯಿತು, ನೀರು ಪಾಕವಾಯಿತು. ಚಿತ್ರ ಜಾಸ್ತಿ ಬದಲಾಗಿಲ್ಲ. ಛಂದಸ್ಸೂ ತಪ್ಪಿಲ್ಲ. ಆದರೆ ಒಂದೂ ಮ ಇಲ್ಲ, ಒಂದೂ ನ ಇಲ್ಲ. ಹನ್ನೆರಡರಲ್ಲಿ ಒಂಬತ್ತು ಕಡೆ ಉಸಿರಿಗೆ ತಡೆ. ಸಾಲು ಕುಂಟುತ್ತದೆ. ಬೆಳಗಾಯಿತು ಅನ್ನುವ ಸುದ್ದಿ ಸಿಗುತ್ತದೆ, ಬೆಳಗು ಸಿಗುವುದಿಲ್ಲ. ಎಲ್ಲವನ್ನೂ ಅರ್ಥವೇ ಮಾಡುವುದಾಗಿದ್ದರೆ ಈ ಸಾಲೂ ಕುಂಟಬಾರದಿತ್ತು ಅಲ್ವಾ?

ಇನ್ನು ನನಗೆ ಅತಿ ಪ್ರಿಯವಾದ ಜಾಗ. ಎರಡನೆಯ ನುಡಿ. ರತ್ನದ ರಸದ ಕಾರಂಜಿ "ಪುಟಪುಟನೇ ಪುಟಿದು". ಆಮೇಲೆ "ಮಘಮಘಿಸುವಾ ಮುಗಿದ ಮೊಗ್ಗೀ ಪಟಪಟನೇ ಒಡೆದು".

ಮೊದಲ ಸಾಲಿನ ಆ ನಾಲ್ಕು ಪದದಲ್ಲಿ ಉಸಿರಿಗೆ ತಡೆ ಹೆಚ್ಚೇನೂ ಇರಲಿಲ್ಲ. ಇಲ್ಲಿ ಒಮ್ಮೆಲೇ ಪ, ಟ, ಪ, ಟ. ಮೂ, ಯಾ, ನೀ ಅಂತ ಎಳೆದುಕೊಂಡು ಬಂದ ಸ್ವರಗಳೂ ಇಲ್ಲಿ ಮೊಟಕಾಗುತ್ತವೆ. ಪುಟಪುಟ ಅನ್ನುವಲ್ಲಿ ನಾಲ್ಕೂ ಲಘು. ಹರಿಯುವ ಬೆಳಕು ಚಿಮ್ಮುವ ಬೆಳಕಾಯಿತು ಅಂತ ಪದ್ಯ ಬಾಯಿಬಿಟ್ಟು ಹೇಳುವ ಮೊದಲೇ ನಮ್ಮ ನಾಲಗೆಗೆ ಅದು ಗೊತ್ತಾಗಿರುತ್ತದೆ.

ಮೊಗ್ಗಿನ ಸಾಲು ಇನ್ನೂ ದೊಡ್ಡದು. ಮಘ, ಮುಗಿ, ಮೊಗ್ಗಿ. ಮೂರರಲ್ಲೂ ಒಂದೇ ಜೋಡಿ: ತುಟಿ ಮುಚ್ಚುವ ಮ, ಗಂಟಲ ಕಡೆಯ ಗ ಅಥವಾ ಘ. ನಡುವಿನ ಸ್ವರ ಮಾತ್ರ ಬೇರೆ: ಅ, ಉ, ಒ. ಮಘ ಅನ್ನುವಾಗ ಮಹಾಪ್ರಾಣದ ಉಸಿರು ಹೊರಗೆ ಬರುತ್ತದೆ, ಪರಿಮಳವೂ ಹೊರಗೆ ಬರುವುದೇ. ಮುಗಿ ಅನ್ನುವಾಗ ತುಟಿ ಮುಚ್ಚಿ ದುಂಡಗಾಗುತ್ತದೆ. ಮೊಗ್ಗಿ ಅನ್ನುವಲ್ಲಿ ಗ್ಗ ಒತ್ತಕ್ಷರ, ಉಸಿರು ಒಂದು ಕ್ಷಣ ಒಳಗೇ ಕಟ್ಟಿಕೊಳ್ಳುತ್ತದೆ. ಮೊಗ್ಗು ಬಿಗಿಯಾಗಿ ಮುಚ್ಚಿದೆ. ಅದರ ಬೆನ್ನಿಗೇ ಪಟಪಟ! ಪಕಾರಕ್ಕೂ ತುಟಿ ಮುಚ್ಚಲೇಬೇಕು, ಆದರೆ ಪಕಾರದಲ್ಲಿ ತುಟಿ ಸಿಡಿದು ತೆರೆಯುತ್ತದೆ. ಮೊಗ್ಗು ಅರಳುವುದನ್ನು ನಮ್ಮ ತುಟಿಯೇ ಮಾಡಿ ತೋರಿಸಿತು. ನನಗೆ ಈ ಸಾಲು ಗಟ್ಟಿಯಾಗಿ ಓದುವಾಗ ಇವತ್ತಿಗೂ ಗಂಟಲು ಕಟ್ಟುತ್ತದೆ.

ಕಾರಂಜಿಗೆ ಪುಟಪುಟ, ಮೊಗ್ಗಿಗೆ ಪಟಪಟ. ವ್ಯಂಜನ ಎರಡಕ್ಕೂ ಅವೇ. ಬದಲಾದದ್ದು ಒಂದು ಸ್ವರ. ಉಕಾರದಲ್ಲಿ ಬಾಯಿ ಕಿರಿದು, ನೀರು ಸಣ್ಣ ತೂತಿನಿಂದ ಚಿಮ್ಮುವ ಹಾಗೆ. ಅಕಾರದಲ್ಲಿ ಬಾಯಿ ತೆರೆಯುತ್ತದೆ, ಎಸಳೂ ತೆರೆಯುತ್ತದೆ. ವ್ಯಂಜನ ಒಂದೇ ಆದ್ದರಿಂದ ಕಾರಂಜಿಯೂ ಮೊಗ್ಗೂ ಒಂದೇ ಬೆಳಗಿನ ಕೆಲಸ ಅಂತ ಕಿವಿ ಸೇರಿಸಿಕೊಳ್ಳುತ್ತದೆ. ಸ್ವರ ಬೇರೆ ಆದ್ದರಿಂದ ಎರಡೂ ಬೇರೆ ಬೇರೆ ಘಟನೆ ಅಂತಲೂ ತಿಳಿಯುತ್ತದೆ. ಅಕ್ಷರ ಎಣಿಸುವವರ ಲೆಕ್ಕದಲ್ಲಿ ಇಲ್ಲಿ ಪ ಇಷ್ಟು, ಟ ಇಷ್ಟು. ಪದ್ಯ ಇರುವುದು ಆ ಒಂದು ಸ್ವರದಲ್ಲಿ. ಮೊನ್ನೆ ಯಾರೋ ವೇದಿಕೆಯಲ್ಲಿ ಇದನ್ನು ಹಾಡುವಾಗ ಎರಡು ಕಡೆಯೂ ಪಟಪಟ ಅಂದರು, ಪಕ್ಕದಲ್ಲಿ ಕೂತವರಿಗೆ ಗೊತ್ತೂ ಆಗಲಿಲ್ಲ. ನನಗೆ ನಿಜಕ್ಕೂ ನೋವಾಯಿತು.

ಪಟಪಟ, ಪುಟಪುಟ ಎರಡೂ ಕನ್ನಡದಲ್ಲಿ ಮೊದಲೇ ಇದ್ದ ಅನುಕರಣ ಪದಗಳು, ಕವಿ ಹೊಸದಾಗಿ ಏನು ಮಾಡಿದ ಅಂತ ಕೇಳಬಹುದು. ಪದ ಇತ್ತು, ಹೌದು. ಎರಡನ್ನೂ ಒಂದೇ ನುಡಿಯಲ್ಲಿ, ಒಂದೇ ಜಾಗದಲ್ಲಿ, ಮಘ-ಮುಗಿ-ಮೊಗ್ಗಿಯನ್ನು ನಡುವೆ ಇಟ್ಟು ಎದುರುಬದುರು ನಿಲ್ಲಿಸಿದ್ದು ಕವಿ.

ಒಂದು ಮಾತು ಮಾತ್ರ ಒಪ್ಪಲೇಬೇಕು. ಟಕಾರಕ್ಕೆ ಇಂಥದೇ ಭಾವ ಅಂತ ಹಣೆಯಲ್ಲಿ ಬರೆದಿಲ್ಲ. ಸಂಸ್ಕೃತದ ಆಲಂಕಾರಿಕ ಮಮ್ಮಟನ ಲೆಕ್ಕದಲ್ಲಿ ಮಾಧುರ್ಯಕ್ಕೆ ಟವರ್ಗ ಆಗುವುದಿಲ್ಲ, ಅದು ಒರಟು ದನಿಯ ಪರುಷ ವೃತ್ತಿಗೆ ಸೇರಿದ್ದು. ಕಟಕಟನೆ ಹಲ್ಲು ಕಡಿದ ಅನ್ನುವಾಗ ಆ ಮಾತು ನಿಜವೇ, ಅಲ್ಲಿ ಟಕಾರ ಸಿಟ್ಟು. ಬೇಂದ್ರೆಯವರ ಮೊಗ್ಗಿನಲ್ಲಿ ಅದೇ ಟಕಾರ ಖುಷಿ. ದಿಕ್ಕು ತೋರಿಸುವುದು ಅರ್ಥ, ಆ ದಿಕ್ಕಿಗೆ ನಮ್ಮ ಮೈಯನ್ನು ಎಳೆದುಕೊಂಡು ಹೋಗುವುದು ದನಿ. ಅದಕ್ಕೇ ಬರೀ ಕಕಾರ ಜೋಡಿಸಿದರೆ ಏನೂ ಆಗುವುದಿಲ್ಲ. ಕನಸಿಗೂ ಕಸ್ತೂರಿಗೂ ಕಲರವಕ್ಕೂ ಒಂದೇ ಕ ಇಟ್ಟರೆ ಕ ಯಾರ ಪರವಾಗಿ ಕೆಲಸ ಮಾಡಬೇಕು?

ಹಳೆಯ ಕಾವ್ಯದ ಪ್ರಾಸವೇ ಹೀಗೆ ಎಣಿಕೆ ಅಲ್ಲವೇ ಅಂತ ಗೆಳೆಯರೊಬ್ಬರು ಕೇಳಿದರು. ಆದಿಪ್ರಾಸ ನಿಯಮ, ನಿಜ. ಸಾಲುಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನ ಆಗಬೇಕು. ಕವಿರಾಜಮಾರ್ಗದ "ಕಾವೇರಿಯಿಂದಮಾ ಗೋದಾವರಿವರಂ" ಕಂದದಲ್ಲಿ ಕಾವೇ, ದಾವ, ಭಾವಿ, ಧಾವ ಅಂತ ನಾಲ್ಕೂ ಸಾಲಿಗೆ ವಕಾರ. ಅದು ಸಾಲುಗಳನ್ನು ಒಂದಕ್ಕೊಂದು ಹೊಲಿಯುವ ದಾರ. ಆ ದಾರ ಎಲ್ಲಿ ಬರಬೇಕು ಅನ್ನುವುದು ಮೊದಲೇ ಗೊತ್ತು. 1911ರಲ್ಲಿ ಗೋವಿಂದ ಪೈಗಳು ಅದನ್ನು ಬಿಟ್ಟು ಬರೆದಾಗ ಕಾವ್ಯದ ನಾದ ಹೋಯಿತು ಅಂದುಕೊಂಡವರಿಗೆ ಬೇಂದ್ರೆಯವರ ಭಾವಗೀತೆಗಳೇ ಉತ್ತರ. ನಿಯಮದ ಜಾಗ ಬಿಟ್ಟ ಮೇಲೆ ನಾದ ಎಲ್ಲಿ ಬೇಕೋ ಅಲ್ಲಿ, ಸಾಲಿನ ಒಳಗೆ, ಬರಲು ಶುರುವಾಯಿತು.

ಆದ್ದರಿಂದ ಪಾಠ ಮಾಡುವ ಗೆಳೆಯರಲ್ಲಿ ನನ್ನದು ಒಂದೇ ಕೋರಿಕೆ. ಅಲಂಕಾರ ಹೆಸರಿಸಿ ಅಂತ ಕೇಳುವುದು ಒಂದು ವರ್ಷ ಬಿಟ್ಟುಬಿಡಿ. ಮಕ್ಕಳಿಗೆ ಈ ಎರಡನೆಯ ನುಡಿ ಕೊಡಿ. ಪುಟಪುಟವನ್ನು ಮೊಗ್ಗಿಗೂ ಪಟಪಟವನ್ನು ಕಾರಂಜಿಗೂ ಹಾಕಿ ಗಟ್ಟಿಯಾಗಿ ಓದಿಸಿ. ಆಮೇಲೆ ಮೊದಲಿದ್ದ ಹಾಗೆ ಓದಿಸಿ. ಏನು ಕೆಟ್ಟಿತ್ತು, ಯಾವ ಅಕ್ಷರದಲ್ಲಿ ಕೆಟ್ಟಿತ್ತು ಅಂತ ಕೇಳಿ. ಅಂಕವನ್ನು ಆ ಉತ್ತರಕ್ಕೆ ಕೊಡಿ.