ಮೂರು ವರ್ಷ ಮೂರು ನಿಮಿಷದಂತೆ ಕಳೆಯಿತಂತೆ!

ಇಂದು ನಮ್ಮ ರಸಾಯನಶಾಸ್ತ್ರ ವಿಭಾಗದಲ್ಲಿ ಬೀಳ್ಕೊಡುಗೆ. ಅಂತಿಮ ವರ್ಷದ ಹನ್ನೊಂದು ಮಂದಿ ಮಾತನಾಡಿದರು. ಒಂಬತ್ತು ಮಂದಿಗೆ ಮೂರು ವರ್ಷ ಮೂರು ನಿಮಿಷದಂತೆ ಕಳೆದಿತ್ತು. (ಸಂಜೆಯ ಪ್ರಾಯೋಗಿಕ ತರಗತಿಯಲ್ಲಿ ಇದೇ ಮಕ್ಕಳು ಗಡಿಯಾರ ನೋಡುತ್ತಿದ್ದುದನ್ನು ನಾನು ಕಂಡಿಲ್ಲವೇ?) ವಿಭಾಗ ಒಂದು ಕುಟುಂಬ, ಗುರುಗಳು ದೇವರು, ತಮ್ಮ ತಂಗಿಯರೇ ಚೆನ್ನಾಗಿ ಓದಿ. ಆ ತಮ್ಮ ತಂಗಿಯರು ಮೊಬೈಲ್ ನೋಡುತ್ತಿದ್ದರು.

ಹತ್ತನೆಯವಳು ಎಂದೂ ಬಾಯಿ ಬಿಡದ ಹುಡುಗಿ. ಮೈಕ್ ಹಿಡಿದವಳೇ, "ಪರ್ಮಾಂಗನೇಟ್ ಟೈಟ್ರೇಷನ್‌ನಲ್ಲಿ ಮೊದಲ ಹನಿ ಬಿದ್ದಾಗ ಗಾಬರಿಯಾಗಬೇಡಿ" ಎಂದಳು. ಸಭೆ ನಕ್ಕಿತು. ಅವಳು ನಗಲಿಲ್ಲ. ಫ್ಲಾಸ್ಕಿನಲ್ಲಿರುವ ಆಕ್ಸಾಲಿಕ್ ಆಮ್ಲವನ್ನು ಅರವತ್ತು ಡಿಗ್ರಿ ದಾಟಿಸಿ ಬಿಸಿ ಮಾಡಿದ್ದರೂ, ಬ್ಯುರೆಟ್ ಎಂಬ ಅಳತೆಯ ಕೊಳವೆಯಿಂದ ಬೀಳುವ ಪರ್ಮಾಂಗನೇಟಿನ ಮೊದಲ ಹನಿಯ ಗುಲಾಬಿ ಬಣ್ಣ ಬೇಗ ಹೋಗುವುದಿಲ್ಲ. ಅದು ಮಾಯವಾಗುವವರೆಗೆ ಫ್ಲಾಸ್ಕ್ ಅಲ್ಲಾಡಿಸುತ್ತಾ ಕಾಯಬೇಕು. ಆಗ ಹುಟ್ಟುವ ಮ್ಯಾಂಗನೀಸ್ ಅಯಾನೇ ಮುಂದಿನ ಕ್ರಿಯೆಗೆ ವೇಗ ಕೊಡುತ್ತದೆ, ನಂತರದ ಹನಿಗಳು ಬಿದ್ದೊಡನೆ ಬಣ್ಣ ಕಳೆದುಕೊಳ್ಳುತ್ತವೆ. ಕಾಯದೆ ಸುರಿದರೆ ದ್ರಾವಣ ಕಂದು ತಿರುಗುತ್ತದೆ. "ಮೊದಲ ವರ್ಷ ನಾನು ಮೂರು ಸಲ ಸುರಿದು ಅತ್ತಿದ್ದೇನೆ" ಎಂದಳು.

ಇನ್ನೊಂದು ಮಾತನ್ನೂ ಸೇರಿಸಿದಳು. ಬ್ಯುರೆಟ್ಟನ್ನು ತುಂಬುವ ದ್ರಾವಣದಿಂದಲೇ ತೊಳೆಯಬೇಕು, ಕೋನಿಕಲ್ ಫ್ಲಾಸ್ಕನ್ನು ಮಾತ್ರ ಬಟ್ಟಿ ಇಳಿಸಿದ ನೀರಿನಿಂದ. ಫ್ಲಾಸ್ಕನ್ನೂ ಆಮ್ಲದಿಂದ ತೊಳೆದರೆ ಪಿಪೆಟ್ಟಿನಲ್ಲಿ ಅಳೆದದ್ದಕ್ಕಿಂತ ಹೆಚ್ಚು ಆಮ್ಲ ಒಳಗೆ ಉಳಿದು, ರೀಡಿಂಗ್ ಏರುತ್ತದೆ. ಇಷ್ಟು ಹೇಳಿ ಕುಳಿತಳು. ಚಪ್ಪಾಳೆ ಅರ್ಧಂಬರ್ಧ.

ಪಕ್ಕದಲ್ಲಿದ್ದ ಸಹೋದ್ಯೋಗಿ, "ಇದೇನು ಪಾಠದ ಹೊತ್ತೇ? ಭಾವನೆಗೂ ಜಾಗ ಬೇಡವೇ?" ಎಂದು ಗೊಣಗಿದರು. ಬೇಕು ಸ್ವಾಮಿ. ಆದರೆ ಒಂಬತ್ತು ಜನರ ಭಾವನೆ ಒಂದೇ ವಾಕ್ಯದಲ್ಲಿ ಬಂದರೆ ಅದು ಭಾವನೆಯೋ, ಬಾಯಿಪಾಠವೋ? ಇನ್ನು ಇವೆಲ್ಲ ನಾವು ಹೇಳಿಕೊಡುವ ಸಂಗತಿಗಳೇ ಅಲ್ಲವೇ ಎಂದರೆ, ಹೌದು, ಪ್ರತಿ ವರ್ಷ ಹೇಳುತ್ತೇನೆ, ಪ್ರತಿ ವರ್ಷ ಕಂದು ಫ್ಲಾಸ್ಕ್‌ಗಳನ್ನೇ ನೋಡುತ್ತೇನೆ. ಮೇಷ್ಟ್ರು ಹೇಳಿದ್ದು ಕಿವಿಗೆ ಬೀಳುವುದಿಲ್ಲ, ಅತ್ತವಳು ಹೇಳಿದ್ದು ಬೀಳುತ್ತದೆ.

ಇಷ್ಟು ಸಿಡುಕುವ ನಾನೇನು ಕಡಿಮೆಯೇ? ನನ್ನ ಬೀಳ್ಕೊಡುಗೆಯಲ್ಲಿ ನಾನೂ "ಮೂರು ನಿಮಿಷ" ಎಂದವನೇ. ಬ್ಯುರೆಟ್ಟಿನ ಕಂದು ಕಲೆ ಸೋಪಿಗೆ ಬಗ್ಗುವುದಿಲ್ಲ, ಆಮ್ಲ ಬೆರೆಸಿದ ಆಕ್ಸಾಲಿಕ್ ದ್ರಾವಣಕ್ಕೆ ಕರಗುತ್ತದೆ ಎಂಬುದು ಆಗ ನನಗೆ ಗೊತ್ತಿತ್ತು. ಕಿರಿಯರಿಗೆ ಹೇಳಲಿಲ್ಲ. ಮರೆತಿದ್ದಲ್ಲ. ನನ್ನ ಬ್ಯುರೆಟ್ ಮಾತ್ರ ಹೊಳೆಯುವುದು ನನಗೆ ಇಷ್ಟವಾಗಿತ್ತು.

ಗುಂಪು ಫೋಟೋ ಮುಗಿದ ಮೇಲೆ ಕೇಸರಿಬಾತ್ ತಟ್ಟೆ ಹಿಡಿದು ನಿಂತಿದ್ದೆ. ಮೊದಲ ವರ್ಷದ ಇಬ್ಬರು ಅವಳನ್ನು ಅಡ್ಡಗಟ್ಟಿದ್ದರು.

"ಅಕ್ಕ, ಕಂದು ಬಂದರೆ ಇನ್ನಷ್ಟು ಬಿಸಿ ಮಾಡಿ ಸರಿಪಡಿಸಬಹುದೇ?"

"ಬೇಡ. ಚೆಲ್ಲಿ, ಮತ್ತೆ ಪಿಪೆಟ್ ಹಿಡಿಯಿರಿ. ಮೇಷ್ಟ್ರು ಬೈಯುತ್ತಾರೆ, ಬೈಯಲಿ."

ನಾನು ಕೇಳಿಸದವನಂತೆ ಗೋಡಂಬಿ ಹುಡುಕುತ್ತಿದ್ದೆ.